ಮಾಂಸದ ಕೋಳಿ ಸಾಕಣೆಯ ಬ್ಯಾಚ್ ದಿನದರ್ಶಿ

ಮಾಂಸದ ಕೋಳಿ (ಬ್ರಾಯ್ಲರ್) ಸಾಕಣೆಯ ಬ್ಯಾಚ್ ದಿನದರ್ಶಿಯು ಒಂದೇ ದಿನ ಶೆಡ್ಡಿಗೆ ಬಂದ ಮರಿಗಳ ಲಸಿಕೆ, ಆಹಾರ ಬದಲಾವಣೆ ಹಾಗೂ ಮಾರಾಟದ ದಿನಾಂಕಗಳನ್ನು ನಮೂದಿಸುವ ಪಟ್ಟಿಯಾಗಿದೆ. ಇದನ್ನು ಮಾರಾಟದ ದಿನದಿಂದ ಹಿಂದಕ್ಕೆ ಎಣಿಸಿ ಸಿದ್ಧಪಡಿಸಲಾಗುತ್ತದೆ. ಕೋಳಿಗಳು ಸಾಮಾನ್ಯವಾಗಿ 35ರಿಂದ 42 ದಿನಗಳಲ್ಲಿ ಸುಮಾರು 2 ಕಿಲೋ ತೂಗುತ್ತವೆ.

== ಒಂದು ಉದಾಹರಣೆ ==
ಬೆಳಗಾವಿ ಹಾಗೂ ಖಾನಾಪುರ ಭಾಗದಲ್ಲಿ ಆಷಾಢದ ಕೊನೆಗೆ ಕೋಳಿಮಾಂಸದ ಬೇಡಿಕೆ ಏರಿ, ಶ್ರಾವಣ ಹಿಡಿದೊಡನೆ ಇಳಿಯುತ್ತದೆ. 2025ರಲ್ಲಿ ಆಷಾಢ ಅಮಾವಾಸ್ಯೆ ಜುಲೈ 24ರಂದು ಬಂದಿತ್ತು. ಆದ್ದರಿಂದ ಜುಲೈ 22ನ್ನು 40ನೆಯ ದಿನವೆಂದು ಇಟ್ಟುಕೊಂಡರೆ, ಮರಿಗಳು ಜೂನ್ 13ರಂದು ಬರಬೇಕಾಗುತ್ತದೆ. ಮರಿ ಬರುವುದು ಮೂರು ದಿನ ತಡವಾದರೆ ಮುಂದಿನ ದಿನಾಂಕಗಳೆಲ್ಲವೂ ಮೂರು ದಿನ ಸರಿಯುತ್ತವೆ. ಏಕೆಂದರೆ ಲಸಿಕೆಯು ಮರಿಯ ವಯಸ್ಸನ್ನು ಅನುಸರಿಸುತ್ತದೆ.

ಜೂನ್ ತಿಂಗಳು ಖಾನಾಪುರದಲ್ಲಿ ಮಳೆಗಾಲ. ಮೊದಲ ವಾರ ಬ್ರೂಡರ್ ಕೆಳಗೆ ಸುಮಾರು 32–33 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮರಿಗಳು ದೀಪದ ಕೆಳಗೆ ಗುಂಪುಗೂಡಿದರೆ ಶಾಖ ಸಾಲದೆಂದೂ, ದೂರ ಸರಿದು ಬಾಯಿ ತೆರೆದರೆ ಹೆಚ್ಚಾಗಿದೆಯೆಂದೂ ತಿಳಿಯಬೇಕು. ಈ ವಿಷಯದಲ್ಲಿ ತಾಪಮಾಪಕಕ್ಕಿಂತ ಮರಿಗಳನ್ನೇ ನಂಬುವುದು ಲೇಸು.

== ಲಸಿಕೆ ==
ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು 7ನೆಯ ದಿನ, ಅಂದರೆ ಜೂನ್ 19ರಂದು, ಕಣ್ಣಿಗೆ ಹನಿಯಾಗಿ ಹಾಕಲಾಗುತ್ತದೆ. ಗುಂಬೋರೋ ಲಸಿಕೆಯ ದಿನ ಜೂನ್ 26, ಅಂದರೆ 14ನೆಯ ದಿನ. ಇದನ್ನು ಬಹಳ ಮೊದಲೇ ಕೊಟ್ಟರೆ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ನಿಷ್ಫಲಗೊಳಿಸುತ್ತವೆ; ತಡಮಾಡಿದರೆ ಆ ರಕ್ಷಣೆ ಕುಗ್ಗಿದ ಹೊತ್ತಿನಲ್ಲಿ ರೋಗ ತಗಲಬಹುದು. ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುವಾಗ ಆ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಅಂಶ ಇರಕೂಡದು. ಮೊದಲು ಒಂದೆರಡು ಗಂಟೆ ನೀರು ನಿಲ್ಲಿಸಿ, ಬಾಯಾರಿದ ಮರಿಗಳು ಲಸಿಕೆಯ ನೀರನ್ನು ಸುಮಾರು ಎರಡು ಗಂಟೆಯೊಳಗೆ ಕುಡಿದು ಮುಗಿಸುವಂತೆ ನೋಡಿಕೊಳ್ಳಬೇಕು. ಕೊಕ್ಕರೆ ರೋಗದ ಎರಡನೆಯ ಲಸಿಕೆ ಜುಲೈ 7ರಂದು.

== ಆಹಾರ ==
ಜೂನ್ 22ರವರೆಗೆ ಪ್ರಿ-ಸ್ಟಾರ್ಟರ್, ಅನಂತರ ಜುಲೈ 3ರವರೆಗೆ ಸ್ಟಾರ್ಟರ್, ಬಳಿಕ ಫಿನಿಶರ್ ಕೊಡುವುದು ವಾಡಿಕೆ. ಎರಡು ಬಗೆಯ ಆಹಾರಗಳನ್ನು ಎರಡು ದಿನ ಬೆರೆಸಿ ಕೊಡುವುದರಿಂದ ಮರಿಗಳು ತಿನ್ನುವುದನ್ನು ಕಡಿಮೆ ಮಾಡುವುದಿಲ್ಲ. ಲಸಿಕೆಯ ದಿನವೇ ಆಹಾರ ಬದಲಿಸುವುದು ಸಲ್ಲದು. ಎರಡನೆಯ ಲಸಿಕೆಯನ್ನು ಜುಲೈ 7ಕ್ಕೆ ಇಟ್ಟಿರುವುದು ಇದೇ ಕಾರಣಕ್ಕೆ.

== ಮಾರಾಟ ಮತ್ತು ಮುಂದಿನ ಬ್ಯಾಚ್ ==
ಔಷಧ ಕೊಟ್ಟಿದ್ದರೆ, ಅದರ ಲೇಬಲ್ಲಿನಲ್ಲಿ ಸೂಚಿಸಿದ ಅವಧಿ ಕಳೆಯುವ ಮುನ್ನ ಕೋಳಿಯನ್ನು ಮಾರಬಾರದು. ವ್ಯಾಪಾರಿ ತಡಮಾಡಿದಾಗಲೇ ನಷ್ಟ ಹೆಚ್ಚು. ಆರು ವಾರದ ಕೋಳಿ ದಿನಕ್ಕೆ 150 ಗ್ರಾಮಿಗಿಂತ ಹೆಚ್ಚು ತಿನ್ನುತ್ತದೆ. ಸಾವಿರ ಕೋಳಿಗಳು ಮೂರು ದಿನ ಉಳಿದರೆ ಸುಮಾರು ಅರ್ಧ ಟನ್ ಆಹಾರ ಖರ್ಚಾಗುತ್ತದೆ, ಆದರೆ ತೂಕ ಆ ಪ್ರಮಾಣದಲ್ಲಿ ಏರುವುದಿಲ್ಲ. ಮೇಲಾಗಿ ಅಷ್ಟರಲ್ಲಿ ಶ್ರಾವಣ ಬಂದಿರುತ್ತದೆ.

ಜುಲೈ 23ಕ್ಕೆ ಶೆಡ್ ಬರಿದಾದರೆ, ಹಳೆಯ ಭತ್ತದ ಹೊಟ್ಟಿನ ಹಾಸನ್ನು ಹೊರಹಾಕಿ, ತೊಳೆದು, ಸುಣ್ಣ ಬಳಿದು, ಎರಡು ವಾರ ಖಾಲಿ ಬಿಡಬೇಕು. ಹೀಗೆ ಆಗಸ್ಟ್ 7ರಂದು ಬಂದ ಮರಿಗಳಿಗೆ ಸೆಪ್ಟೆಂಬರ್ 15ರಂದು 40 ದಿನ ತುಂಬುತ್ತದೆ. 2025ರ ನವರಾತ್ರಿ ಸೆಪ್ಟೆಂಬರ್ 22ರಂದು ಆರಂಭವಾದುದರಿಂದ ಮಾರಾಟಕ್ಕೆ ಒಂದು ವಾರದ ಅವಕಾಶ ಉಳಿಯುತ್ತದೆ.