ನಿಮ್ಮ ಫೋಟೊದಿಂದ ಎಐ ನಕಲಿ ಚಿತ್ರ ಸೃಷ್ಟಿಸಿದ್ದಾರಾ? ಡಿಲೀಟ್ ಮಾಡಿಸುವ ಮುನ್ನ ಈ ಕೆಲಸ ಮಾಡಿ

2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೊ ದೇಶದಾದ್ಯಂತ ಸದ್ದು ಮಾಡಿತ್ತು. ಲಿಫ್ಟ್‌ನೊಳಗೆ ಬರುವ ಯುವತಿಯ ಮುಖದ ಜಾಗದಲ್ಲಿ ರಶ್ಮಿಕಾ ಮುಖವನ್ನು ಕೂರಿಸಲಾಗಿತ್ತು. ಅದು ನಕಲಿ ಎಂಬುದು ಬೇಗ ಸಾಬೀತಾಗಲು ಕಾರಣ, ಅಸಲಿ ವಿಡಿಯೊ ಸಿಕ್ಕಿದ್ದು. ಬ್ರಿಟನ್‌ನ ಝಾರಾ ಪಟೇಲ್ ಎಂಬುವರು ಅದಕ್ಕೂ ಒಂದು ತಿಂಗಳು ಮೊದಲೇ ಅದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು. ದೆಹಲಿ ಪೊಲೀಸರು ಎಫ್‌ಐಆರ್ ದಾಖಲಿಸಿ, ನೂರಾರು ಖಾತೆಗಳನ್ನು ಪರಿಶೀಲಿಸಿ, 2024ರ ಜನವರಿಯಲ್ಲಿ ಆಂಧ್ರದ ಗುಂಟೂರಿನಲ್ಲಿ ಒಬ್ಬನನ್ನು ಬಂಧಿಸಿದರು. ಅಭಿಮಾನಿ ಪೇಜ್‌ನ ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ್ದ ಎಂಬುದು ಪೊಲೀಸರ ಹೇಳಿಕೆ.

ಸೆಲೆಬ್ರಿಟಿಯಲ್ಲದವರಿಗೆ ಹೀಗಾದರೆ? ಉದಾಹರಣೆಗೆ, ಹೈದರಾಬಾದ್‌ನ ದಿಲ್‌ಸುಖ್‌ನಗರದ ಹಾಸ್ಟೆಲ್‌ನಲ್ಲಿದ್ದು ಕೋಚಿಂಗ್‌ಗೆ ಹೋಗುತ್ತಿರುವ ರಾಯಚೂರಿನ ಯುವತಿ ಎಂದುಕೊಳ್ಳಿ. ವಯಸ್ಸು 21. ಅಪರಿಚಿತ ಇನ್‌ಸ್ಟಾಗ್ರಾಂ ಖಾತೆಯೊಂದರಲ್ಲಿ ಆಕೆಯ ಮುಖವಿರುವ ನಗ್ನ ಚಿತ್ರವಿದೆ ಎಂದು ಗೆಳತಿ ತಿಳಿಸುತ್ತಾಳೆ. ಚಿತ್ರ ನಕಲಿ, ಮುಖ ಮಾತ್ರ ಅಸಲಿ. ಆಕೆ ಏನು ಮಾಡಬೇಕು? ಯಾವುದನ್ನು ಮೊದಲು ಮಾಡಬೇಕು?

ಮೊದಲು ಸಾಕ್ಷ್ಯ ಉಳಿಸಿಕೊಳ್ಳಿ

ಇಂಥ ಚಿತ್ರ ಕಂಡ ಕೂಡಲೇ ಹೆಚ್ಚಿನವರು ರಿಪೋರ್ಟ್ ಮಾಡಿ ಬ್ಲಾಕ್ ಮಾಡುತ್ತಾರೆ. ಆ ಬಳಿಕ ಖಾತೆಯೂ ಕಾಣುವುದಿಲ್ಲ, ಲಿಂಕ್ ಕೂಡ ಸಿಗುವುದಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ ದಾಖಲೆಗೆ ಮೀಸಲಿಡಿ. ಪೋಸ್ಟ್‌ನ ಪೂರ್ತಿ ಲಿಂಕ್ ಕಾಪಿ ಮಾಡಿಕೊಳ್ಳಿ. ಖಾತೆಯ ಯೂಸರ್‌ನೇಮ್ ಬರೆದಿಟ್ಟುಕೊಳ್ಳಿ. ಪ್ರೊಫೈಲ್‌ನಲ್ಲಿ ದಪ್ಪಕ್ಷರದಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಪೊಲೀಸರಿಗೆ ಬೇಕಾಗುವುದು ಯೂಸರ್‌ನೇಮ್. ದಿನಾಂಕ, ಸಮಯ, ಕಮೆಂಟ್‌ಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರೊಫೈಲ್‌ನಿಂದ ಪೋಸ್ಟ್‌ವರೆಗೆ ಹೋಗುವುದನ್ನು ಸ್ಕ್ರೀನ್ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ಬೆದರಿಕೆ ಮೆಸೇಜ್ ಬಂದಿದ್ದರೆ ಆ ಚಾಟ್ ಅಳಿಸಬೇಡಿ. ಚಿತ್ರವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಚಿತ್ರದಲ್ಲಿರುವವರು 18 ವರ್ಷದೊಳಗಿನವರಾಗಿದ್ದರೆ ಅದನ್ನು ಹಂಚುವುದು, ಇಟ್ಟುಕೊಳ್ಳುವುದು ಎರಡೂ ಅಪರಾಧವಾಗಬಹುದು. ಅಂಥ ಸಂದರ್ಭದಲ್ಲಿ ಲಿಂಕ್ ಮತ್ತು ಯೂಸರ್‌ನೇಮ್ ಮಾತ್ರ ಬರೆದುಕೊಂಡು ನೇರವಾಗಿ ಪೊಲೀಸರಿಗೆ ತಿಳಿಸಿ.

ಅಸಲಿ ಫೋಟೊ ಯಾವುದು?

ಅನೇಕರು ಮರೆಯುವ ಹೆಜ್ಜೆ ಇದು. ನಕಲಿ ಚಿತ್ರದಲ್ಲಿ ಮುಖ ತಿರುಗಿದ ಕೋನ, ಕಿವಿಯೋಲೆ, ಹಣೆಯ ಬೊಟ್ಟು, ಕೂದಲ ಎಳೆಗಳು ಅಸಲಿ ಫೋಟೊದಲ್ಲಿದ್ದಂತೆಯೇ ಉಳಿದಿರುವುದುಂಟು. ನಿಮ್ಮ ಗ್ಯಾಲರಿಯಲ್ಲಿ ಅದೇ ಫೋಟೊ ಹುಡುಕಿ. ಸಿಕ್ಕರೆ ಎರಡು ಲಾಭ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ, ಚಿತ್ರ ತಿರುಚಿದ್ದು ಎಂದು ತನಿಖಾಧಿಕಾರಿಗೆ ವಿವರಿಸುವುದು ಸುಲಭ. ಜೊತೆಗೆ, ಆ ಫೋಟೊ ಯಾರ ಕೈಗೆ ಸಿಗಬಹುದಿತ್ತು ಎಂಬುದೂ ಗೊತ್ತಾಗುತ್ತದೆ. ನಮ್ಮ ಉದಾಹರಣೆಯ ಯುವತಿಯ ಅಸಲಿ ಫೋಟೊ ಹಾಸ್ಟೆಲ್ ಗೆಳತಿಯರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಮಾತ್ರ ಹೋಗಿತ್ತು ಎಂದಾದರೆ ತನಿಖೆಯ ವ್ಯಾಪ್ತಿ ಬಹಳ ಕಿರಿದಾಗುತ್ತದೆ. ಅದು ಓಪನ್ ಪ್ರೊಫೈಲ್‌ನ ಡಿಪಿ ಆಗಿದ್ದರೆ ಈ ದಾರಿಯಿಂದ ಹೆಚ್ಚು ಸುಳಿವು ಸಿಗದು. ಏನೇ ಆದರೂ ಅಸಲಿ ಫೋಟೊವನ್ನು ಅಳಿಸಬೇಡಿ. ಅನುಮಾನ ಬಂದವರನ್ನು ನೀವೇ ಕೇಳಲು ಹೋಗಬೇಡಿ. ಅವರು ಖಾತೆ, ಫೋನ್ ಎರಡನ್ನೂ ಖಾಲಿ ಮಾಡಿಬಿಡಬಹುದು.

ತೆಗೆಸಲು ಎಷ್ಟು ಹೊತ್ತು?

ದಾಖಲೆ ಸಿದ್ಧವಾದ ಮೇಲೆ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಕಂಪನಿಯ ಕುಂದುಕೊರತೆ ಅಧಿಕಾರಿಗೂ ದೂರು ಕೊಡಿ. 2021ರ ಐಟಿ ನಿಯಮಗಳ 3(2)(ಬಿ) ಪ್ರಕಾರ ನಗ್ನತೆ, ಲೈಂಗಿಕ ದೃಶ್ಯ ಅಥವಾ ಬೇರೊಬ್ಬರಂತೆ ನಟಿಸುವ ಚಿತ್ರವನ್ನು, ಕೃತಕವಾಗಿ ತಿರುಚಿದ ಚಿತ್ರವನ್ನೂ ಸೇರಿಸಿ, ಸಂತ್ರಸ್ತರ ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕಿತ್ತು. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ತಿದ್ದುಪಡಿ ಈ ಗಡುವನ್ನು 2 ಗಂಟೆಗೆ ಇಳಿಸಿದೆ. ಸಂತ್ರಸ್ತರ ಪರವಾಗಿ ಮನೆಯವರೂ ದೂರು ಕೊಡಬಹುದು. ದೂರಿನಲ್ಲಿ ನಿಯಮದ ಸಂಖ್ಯೆ ಬರೆದು, 'ಈ ಮುಖ ನನ್ನದು, ಚಿತ್ರ ನಕಲಿ, ನನ್ನ ಒಪ್ಪಿಗೆ ಇಲ್ಲ' ಎಂದು ನೇರವಾಗಿ ಹೇಳಿ. ಕಂಪನಿ ಒಪ್ಪದಿದ್ದರೆ 30 ದಿನದೊಳಗೆ gac.gov.in ನಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಒಂದು ಕಡೆ ತೆಗೆದದ್ದು ಇನ್ನೊಂದು ಕಡೆ ಬರಬಹುದು. ಇದಕ್ಕೆ stopncii.org ಎಂಬ ಉಚಿತ ಸೇವೆ ಇದೆ. ಇಲ್ಲಿ ಚಿತ್ರವನ್ನು ಅಪ್‌ಲೋಡ್ ಮಾಡಬೇಕಿಲ್ಲ. ನಿಮ್ಮ ಫೋನ್‌ನಲ್ಲೇ ಚಿತ್ರದಿಂದ 'ಹ್ಯಾಷ್' ಎಂಬ ಅಂಕಿ-ಅಕ್ಷರಗಳ ಗುರುತು ತಯಾರಾಗುತ್ತದೆ, ಆ ಗುರುತು ಮಾತ್ರ ಹೊರಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ ಸೇವೆಯೊಂದಿಗೆ ಕೈಜೋಡಿಸಿದ ತಾಣಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಪತ್ತೆ ಮಾಡಿ ತಡೆಯುತ್ತವೆ. ಎಐನಿಂದ ಮಾಡಿದ ಚಿತ್ರಕ್ಕೂ ಇದು ಅನ್ವಯ. ಆದರೆ ಮಿತಿಗಳಿವೆ. ಖಾಸಗಿ ಸ್ವರೂಪದ ಚಿತ್ರಗಳಿಗೆ ಮಾತ್ರ ಈ ಸೇವೆ, ಸೇರದ ತಾಣಗಳಲ್ಲಿ ಪ್ರಯೋಜನವಿಲ್ಲ, ಚಿತ್ರವನ್ನು ಬಹಳ ಬದಲಿಸಿದರೆ ಗುರುತು ಹೊಂದದೆ ಹೋಗಬಹುದು. 18 ವರ್ಷದೊಳಗಿನವರಿಗೆ ಇಂಥದ್ದೇ 'ಟೇಕ್ ಇಟ್ ಡೌನ್' ಸೇವೆ ಇದೆ. ಅದರ ವಿಳಾಸ takeitdown.ncmec.org.

ಪೊಲೀಸ್ ದೂರು: ಯಾವ ಠಾಣೆಗೆ?

ಚಿತ್ರ ಹೋಯಿತಲ್ಲ, ಸಾಕು ಎಂದು ಸುಮ್ಮನಾದರೆ ಮಾಡಿದವರು ಸಿಗುವುದಿಲ್ಲ. ತೆಗೆದುಹಾಕಿದ ಪೋಸ್ಟ್ ಮತ್ತು ಅದರ ದಾಖಲೆಗಳನ್ನು ಕಂಪನಿಗಳು ತನಿಖೆಗಾಗಿ 180 ದಿನ ಉಳಿಸಿಕೊಳ್ಳಬೇಕು ಎಂದು ಅದೇ ಐಟಿ ನಿಯಮಗಳು ಹೇಳುತ್ತವೆ. ಆ ಅವಧಿ ಮುಗಿದ ಬಳಿಕ ಸುಳಿವು ಸಿಗುವ ಖಾತ್ರಿ ಇಲ್ಲ. ಆದ್ದರಿಂದ ತಡ ಮಾಡದೆ cybercrime.gov.in ನಲ್ಲಿ ದೂರು ದಾಖಲಿಸಿ. ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಹೆಸರು ಹೇಳದೆಯೂ ಅಲ್ಲಿ ಮಾಹಿತಿ ಕೊಡಬಹುದು, ಆದರೆ ಪ್ರಕರಣ ಮುಂದುವರಿಯಬೇಕೆಂದರೆ ಹೆಸರು ಕೊಟ್ಟು ದೂರಿನ ಸಂಖ್ಯೆ ಪಡೆಯುವುದೇ ಸರಿ.

ದಿಲ್‌ಸುಖ್‌ನಗರದ ಸುತ್ತ ಮಲಕ್‌ಪೇಟೆ, ಚೈತನ್ಯಪುರಿ, ಸರೂರ್‌ನಗರ ಹೀಗೆ ಹಲವು ಠಾಣೆಗಳಿವೆ. 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಕಳುಹಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದೇ ಝೀರೋ ಎಫ್‌ಐಆರ್. ಯುವತಿ ಊರಿಗೆ ಬಂದಿದ್ದರೆ ರಾಯಚೂರಿನಲ್ಲೇ ಕೊಡಬಹುದು. ಇ-ಮೇಲ್‌ನಂತಹ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ನಗರದಲ್ಲಾದರೆ ಡಿಸಿಪಿಗೆ ಲಿಖಿತವಾಗಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮೊರೆ ಹೋಗಬಹುದು. ಮಹಿಳೆಯರು ತೆಲಂಗಾಣದಲ್ಲಿ 'ಶಿ ಟೀಮ್ಸ್' ನೆರವನ್ನೂ ಪಡೆಯಬಹುದು.

ದೇಹ ನನ್ನದಲ್ಲ, ಕೇಸ್ ನಿಲ್ಲುತ್ತದೆಯೇ?

ಐಟಿ ಕಾಯ್ದೆಯ 67 ಮತ್ತು 67ಎ ಸೆಕ್ಷನ್‌ಗಳು ಅಶ್ಲೀಲ ಹಾಗೂ ಲೈಂಗಿಕ ದೃಶ್ಯಗಳ ಪ್ರಸಾರವನ್ನೇ ಅಪರಾಧವೆನ್ನುತ್ತವೆ. ಚಿತ್ರ ಅಸಲಿಯಾಗಿರಬೇಕು ಎಂದು ಅವು ಹೇಳುವುದಿಲ್ಲ. ಮೊದಲ ಬಾರಿಯ ಅಪರಾಧಕ್ಕೆ 67ರಡಿ 3 ವರ್ಷ, 67ಎ ಅಡಿ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ. ರಶ್ಮಿಕಾ ಪ್ರಕರಣದಲ್ಲಿ ಪೊಲೀಸರು ಫೋರ್ಜರಿ ಮತ್ತು ಗುರುತಿನ ಕಳವಿನ ಸೆಕ್ಷನ್‌ಗಳನ್ನೂ ಹಾಕಿದ್ದರು. ಮಾನಹಾನಿ ಉದ್ದೇಶದ ಫೋರ್ಜರಿ ಈಗ ಭಾರತೀಯ ನ್ಯಾಯ ಸಂಹಿತೆಯ 336(4)ರಲ್ಲಿದೆ.

'ಹಣ ಕೊಡು, ಇಲ್ಲದಿದ್ದರೆ ಅಪ್ಪನಿಗೆ ಕಳಿಸುತ್ತೇನೆ' ಎಂದರೆ ಅದು 308ನೇ ಸೆಕ್ಷನ್‌ನ ಸುಲಿಗೆ. ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟ ಮೇಲೂ ಚಿತ್ರ ಅವರ ಬಳಿಯೇ ಇರುತ್ತದೆ. ಈಗಾಗಲೇ ಕೊಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಹಣ ಹೋದ ಖಾತೆಯನ್ನು ತಡೆಹಿಡಿಯಲು ಸಾಧ್ಯವಾಗಬಹುದು. ಬೆದರಿಸುವವರ ಕೈಯಲ್ಲಿರುವ ದೊಡ್ಡ ಅಸ್ತ್ರ ಮನೆಯವರಿಗೆ ಗೊತ್ತಾಗುವ ಭಯ. ಮನೆಗೆ ನೀವೇ ಮೊದಲು ಫೋನ್ ಮಾಡಿ ವಿಷಯ ತಿಳಿಸಿದರೆ ಆ ಅಸ್ತ್ರ ಅವರ ಕೈ ತಪ್ಪುತ್ತದೆ.