ವರ್ಗಾವಣಾ ಘಟಕಗಳ ಸಂಖ್ಯೆ

ವರ್ಗಾವಣಾ ಘಟಕಗಳ ಸಂಖ್ಯೆ ಅಥವಾ ಎನ್‌ಟಿಯು ಎಂಬುದು ಶಾಖ ವಿನಿಮಯಕದ 'ಉಷ್ಣ ಗಾತ್ರ'ವನ್ನು ಸೂಚಿಸುವ, ಏಕಮಾನವಿಲ್ಲದ ಒಂದು ಸಂಖ್ಯೆ. ವಿನಿಮಯಕದಲ್ಲಿ ಹರಿಯುವ ದ್ರವಗಳಿಗೆ ಹೋಲಿಸಿದರೆ ಅದರ ಶಾಖ ವರ್ಗಾವಣಾ ಮೇಲ್ಮೈ ಎಷ್ಟು ದೊಡ್ಡದು ಎಂಬುದನ್ನು ಇದು ತಿಳಿಸುತ್ತದೆ. ಮೇಲ್ಮೈಯನ್ನು ಹೆಚ್ಚಿಸಿದಂತೆ ವಿನಿಮಯಕದ ಪರಿಣಾಮಕಾರಿತ್ವವೂ ಹೆಚ್ಚುತ್ತದೆಯಾದರೂ, ಆ ಹೆಚ್ಚಳವು ಕ್ರಮೇಣ ಕುಗ್ಗಿ ಒಂದು ಮಿತಿಯ ಬಳಿ ನಿಲ್ಲುತ್ತದೆ. ಆ ಮಿತಿಯು ಎರಡು ದ್ರವಗಳು ಒಂದೇ ದಿಕ್ಕಿನಲ್ಲಿ ಹರಿಯುತ್ತವೆಯೇ ಅಥವಾ ಎದುರುಬದುರಾಗಿ ಹರಿಯುತ್ತವೆಯೇ ಎಂಬುದನ್ನು ಅವಲಂಬಿಸಿದೆ. ಡಬ್ಲ್ಯು. ಎಂ. ಕೇಸ್ ಮತ್ತು ಎ. ಎಲ್. ಲಂಡನ್ ಅವರು 1955ರಲ್ಲಿ ಪ್ರಕಟಿಸಿದ 'ಕಾಂಪ್ಯಾಕ್ಟ್ ಹೀಟ್ ಎಕ್ಸ್‌ಚೇಂಜರ್ಸ್' ಗ್ರಂಥದಿಂದ ಈ ವಿಧಾನವು ವ್ಯಾಪಕವಾಗಿ ಬಳಕೆಗೆ ಬಂದಿತು.

## ವ್ಯಾಖ್ಯೆ

ಒಂದು ದ್ರವದ ತಾಪಮಾನವನ್ನು ಒಂದು ಡಿಗ್ರಿಯಷ್ಟು ಬದಲಿಸಲು ಪ್ರತಿ ಸೆಕೆಂಡಿಗೆ ಬೇಕಾಗುವ ಶಾಖವನ್ನು ಅದರ ಉಷ್ಣಧಾರಣಾ ದರ (C) ಎನ್ನುತ್ತಾರೆ. ಇದು ದ್ರವದ ಹರಿವಿನ ದರ ಹಾಗೂ ವಿಶಿಷ್ಟೋಷ್ಣಗಳ ಗುಣಲಬ್ಧ. ಎರಡು ದ್ರವಗಳ ಪೈಕಿ ಕಡಿಮೆ ದರವುಳ್ಳದ್ದು C_min, ಹೆಚ್ಚಿನದು C_max, ಅವೆರಡರ ಅನುಪಾತ C_r. ಒಟ್ಟಾರೆ ಶಾಖ ವರ್ಗಾವಣಾ ಗುಣಾಂಕ U, ಮೇಲ್ಮೈಯ ವಿಸ್ತೀರ್ಣ A ಆದರೆ,

```
NTU = U·A / C_min
C_r = C_min / C_max
ε   = q / q_max
q_max = C_min · (T_h,in − T_c,in)
```

ಇಲ್ಲಿ ε ಎಂಬುದು ಪರಿಣಾಮಕಾರಿತ್ವ, ಅಂದರೆ ವಾಸ್ತವವಾಗಿ ವರ್ಗಾವಣೆಯಾದ ಶಾಖಕ್ಕೂ ವರ್ಗಾವಣೆಯಾಗಬಹುದಾದ ಗರಿಷ್ಠ ಶಾಖಕ್ಕೂ ಇರುವ ಅನುಪಾತ. ಗರಿಷ್ಠ ಶಾಖವನ್ನು C_min ಮೂಲಕ ಲೆಕ್ಕಹಾಕಲು ಕಾರಣವಿದೆ. ಒಂದು ದ್ರವ ಕಳೆದುಕೊಂಡ ಶಾಖವನ್ನೇ ಇನ್ನೊಂದು ಪಡೆಯುವುದರಿಂದ, ಕಡಿಮೆ ದರವುಳ್ಳ ದ್ರವದ ತಾಪಮಾನವೇ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಎರಡು ಪ್ರವೇಶ ತಾಪಮಾನಗಳ ನಡುವಿನ ಪೂರ್ಣ ಅಂತರವನ್ನು ಕ್ರಮಿಸಲು ಅದಕ್ಕೆ ಮಾತ್ರ ಸಾಧ್ಯ.

## ಹೆಚ್ಚಳ ಕುಗ್ಗಲು ಕಾರಣ

ಮೇಲ್ಮೈಯ ಒಂದು ಸಣ್ಣ ಭಾಗದ ಮೂಲಕ ಸಾಗುವ ಶಾಖವು ಆ ಸ್ಥಳದಲ್ಲಿ ಎರಡು ದ್ರವಗಳ ನಡುವೆ ಇರುವ ತಾಪಮಾನದ ಅಂತರಕ್ಕೆ ಅನುಗುಣವಾಗಿರುತ್ತದೆ. ಶಾಖವನ್ನು ಸಾಗಿಸುವುದು ಈ ಅಂತರವೇ. ಸಾಗಿದ ಶಾಖವು ತಗ್ಗಿಸುವುದೂ ಇದೇ ಅಂತರವನ್ನು. ಆದ್ದರಿಂದ ಹೊಸದಾಗಿ ಸೇರಿಸಿದ ಪ್ರತಿ ಚದರ ಮೀಟರ್ ಮೇಲ್ಮೈಗೂ ಹಿಂದಿನದಕ್ಕಿಂತ ಕಡಿಮೆ ಕೆಲಸ ಉಳಿದಿರುತ್ತದೆ. ಇಲ್ಲಿಯವರೆಗಿನ ಮಾತು ಎರಡೂ ಬಗೆಯ ಹರಿವಿಗೆ ಸಮಾನವಾಗಿ ಅನ್ವಯಿಸುತ್ತದೆ. ವ್ಯತ್ಯಾಸವಿರುವುದು ಅಂತರವು ಕುಗ್ಗುವ ರೀತಿಯಲ್ಲಿ.

### ಸಮಾಂತರ ಹರಿವು

ಇದರಲ್ಲಿ ಬಿಸಿ ಮತ್ತು ತಣ್ಣನೆಯ ದ್ರವಗಳು ಒಂದೇ ತುದಿಯಿಂದ ಪ್ರವೇಶಿಸುತ್ತವೆ. ಆರಂಭದಲ್ಲಿ ಅಂತರವು ಗರಿಷ್ಠವಾಗಿದ್ದು, ಮುಂದೆ ಸಾಗಿದಂತೆ ಘಾತೀಯವಾಗಿ ಇಳಿಯುತ್ತದೆ.

```
ε = [1 − exp(−NTU·(1 + C_r))] / (1 + C_r)
```

ಎರಡೂ ದ್ರವಗಳು ಒಂದೇ ತಾಪಮಾನಕ್ಕೆ ಬಂದೊಡನೆ ವರ್ಗಾವಣೆ ನಿಲ್ಲುತ್ತದೆ. ಈ ತಾಪಮಾನವು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದಾಗ ಬರುವ ತಾಪಮಾನವೇ ಆಗಿದೆ. ಆದ್ದರಿಂದ ಮೇಲ್ಮೈ ಎಷ್ಟೇ ದೊಡ್ಡದಾದರೂ ε ಮೌಲ್ಯವು 1/(1 + C_r) ಅನ್ನು ಮೀರಲಾರದು. ಎರಡು ದರಗಳೂ ಸಮವಾಗಿದ್ದರೆ ಈ ಮಿತಿ 0.5.

### ವಿರುದ್ಧ ಹರಿವು

ಇದರಲ್ಲಿ ತಣ್ಣನೆಯ ದ್ರವವು ಹೊರಹೋಗುವ ತುದಿಯಲ್ಲಿ ಬಿಸಿ ದ್ರವವು ಒಳಬರುತ್ತದೆ. ಹೀಗಾಗಿ ಕಾಯಿಸಲ್ಪಟ್ಟ ದ್ರವವು ಹೊರಡುವ ಮುನ್ನ ಅತ್ಯಂತ ಬಿಸಿಯಾದ ದ್ರವವನ್ನೇ ಎದುರಿಸುತ್ತದೆ.

```
C_r < 1 :  ε = [1 − exp(−NTU·(1 − C_r))] / [1 − C_r·exp(−NTU·(1 − C_r))]
C_r = 1 :  ε = NTU / (1 + NTU)
```

ಇಲ್ಲಿಯೂ ವಕ್ರರೇಖೆ ಬಾಗುತ್ತದೆ, ಆದರೆ ಅದರ ಮಿತಿ 1. C_r = 1 ಆದಾಗ ಅಂತರವು ವಿನಿಮಯಕದ ಉದ್ದಕ್ಕೂ ಏಕರೀತಿಯಾಗಿರುತ್ತದೆ; ಮೇಲ್ಮೈ ಹೆಚ್ಚಿಸಿದರೆ ಎಲ್ಲೆಡೆ ಒಟ್ಟಿಗೇ ಕುಗ್ಗುತ್ತದೆಯೇ ಹೊರತು ಎಲ್ಲಿಯೂ ಸೊನ್ನೆಯಾಗುವುದಿಲ್ಲ.

ಒಂದು ದ್ರವವು ಕುದಿಯುತ್ತಿದ್ದರೆ ಅಥವಾ ಆವಿಯು ದ್ರವೀಕರಣಗೊಳ್ಳುತ್ತಿದ್ದರೆ ಅದರ ತಾಪಮಾನವು ಬದಲಾಗದು, ಅಂದರೆ C_r = 0. ಆಗ ಎರಡೂ ಸೂತ್ರಗಳು ε = 1 − exp(−NTU) ಎಂಬ ಒಂದೇ ರೂಪಕ್ಕೆ ಇಳಿಯುತ್ತವೆ ಮತ್ತು ಹರಿವಿನ ದಿಕ್ಕಿಗೆ ಮಹತ್ವವಿರುವುದಿಲ್ಲ.

## ಉದಾಹರಣೆ: ಹಾಲಿನ ಪಾಶ್ಚರೀಕರಣ

ಡೈರಿಗಳಲ್ಲಿ ಹಾಲನ್ನು 72 °ಸೆ.ಗೆ ಕಾಯಿಸಿ 15 ಸೆಕೆಂಡು ಇರಿಸಿ ಮತ್ತೆ ತಣಿಸುತ್ತಾರೆ. ಕಾದ ಹಾಲಿನ ಶಾಖವನ್ನು ಒಳಬರುವ ತಣ್ಣನೆಯ ಹಾಲಿಗೆ ನೀಡಲು ಫಲಕ ಶಾಖ ವಿನಿಮಯಕವನ್ನು ಬಳಸುತ್ತಾರೆ. ಎರಡೂ ಬದಿಯಲ್ಲಿ ಅದೇ ಹಾಲು ಅದೇ ದರದಲ್ಲಿ ಹರಿಯುವುದರಿಂದ C_r = 1.

ಗಂಟೆಗೆ 5000 ಕಿಲೋಗ್ರಾಂ ಹಾಲು 4 °ಸೆ.ನಲ್ಲಿ ಬರುತ್ತದೆಂದು ಭಾವಿಸೋಣ. ಹಾಲಿನ ವಿಶಿಷ್ಟೋಷ್ಣವನ್ನು 3.9 ಕಿಲೋಜೌಲ್/ಕಿ.ಗ್ರಾಂ·ಕೆಲ್ವಿನ್ ಎಂದು ತೆಗೆದುಕೊಂಡರೆ, ಉಷ್ಣಧಾರಣಾ ದರ ಸುಮಾರು 5.42 ಕಿಲೋವ್ಯಾಟ್/ಕೆಲ್ವಿನ್, ಪ್ರವೇಶ ತಾಪಮಾನಗಳ ಅಂತರ 68 ಡಿಗ್ರಿ, q_max ಸುಮಾರು 368 ಕಿಲೋವ್ಯಾಟ್. U ಮೌಲ್ಯವನ್ನು 3 ಕಿಲೋವ್ಯಾಟ್/ಚ.ಮೀ.·ಕೆಲ್ವಿನ್ ಎಂದಿಟ್ಟುಕೊಂಡರೆ, ಒಂದು ಎನ್‌ಟಿಯುಗೆ ಸುಮಾರು 1.8 ಚದರ ಮೀಟರ್ ಮೇಲ್ಮೈ ಬೇಕಾಗುತ್ತದೆ.

| ಎನ್‌ಟಿಯು | ಮೇಲ್ಮೈ (ಚ.ಮೀ.) | ε, ಸಮಾಂತರ | ε, ವಿರುದ್ಧ | ತಣ್ಣನೆಯ ಹಾಲು ಹೊರಬರುವ ತಾಪಮಾನ, ವಿರುದ್ಧ ಹರಿವು (°ಸೆ.) |
|---|---|---|---|---|
| 1 | 1.8 | 0.43 | 0.50 | 38.0 |
| 3 | 5.4 | 0.50 | 0.75 | 55.0 |
| 9 | 16.3 | 0.50 | 0.90 | 65.2 |
| 19 | 34.3 | 0.50 | 0.95 | 68.6 |

ಸಮಾಂತರ ಹರಿವಿನಲ್ಲಿ 5.4 ಚದರ ಮೀಟರ್ ಮುಗಿಯುವಷ್ಟರಲ್ಲಿ ಎರಡೂ ಬದಿಯ ಹಾಲು 38 °ಸೆ.ಗೆ ಬಂದು, ಅಂತರವು 0.2 ಡಿಗ್ರಿಗಿಂತ ಕಡಿಮೆಯಾಗಿರುತ್ತದೆ. ಆನಂತರದ ಫಲಕಗಳು ನಿರುಪಯುಕ್ತ. ವಿರುದ್ಧ ಹರಿವಿನಲ್ಲಿ ಲಾಭ ಮುಂದುವರಿಯುತ್ತದೆ, ಆದರೆ ಅದರ ಬೆಲೆ ಏರುತ್ತದೆ. ಮೊದಲ 1.8 ಚದರ ಮೀಟರ್ 184 ಕಿಲೋವ್ಯಾಟ್ ಮರಳಿಸಿದರೆ, ε ಅನ್ನು 0.90ರಿಂದ 0.95ಕ್ಕೆ ಏರಿಸಲು ಸೇರಿಸಿದ 18 ಚದರ ಮೀಟರ್ ಮರಳಿಸುವುದು ಸುಮಾರು 18 ಕಿಲೋವ್ಯಾಟ್ ಮಾತ್ರ. ಅಂದರೆ ಪ್ರತಿ ಚದರ ಮೀಟರಿನ ಫಲವು ನೂರನೇ ಒಂದು ಭಾಗಕ್ಕೆ ಇಳಿದಿದೆ.

ಆದರೂ ಈ ಸಣ್ಣ ಹೆಚ್ಚಳವನ್ನು ಕಡೆಗಣಿಸುವಂತಿಲ್ಲ. ಇಂಧನದ ವೆಚ್ಚವನ್ನು ನಿರ್ಧರಿಸುವುದು ε ಅಲ್ಲ, ಉಳಿದ (1 − ε) ಭಾಗ. ಅದು 0.10ರಿಂದ 0.05ಕ್ಕೆ ಇಳಿದಾಗ ಬಿಸಿನೀರಿನಿಂದ ಒದಗಿಸಬೇಕಾದ ಶಾಖವು 37ರಿಂದ 18 ಕಿಲೋವ್ಯಾಟ್‌ಗೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಫಲಕಗಳನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಫಲಕಗಳು ಮತ್ತು ಪಂಪಿನ ವೆಚ್ಚವನ್ನು ಈ ಉಳಿತಾಯದೊಂದಿಗೆ ತೂಗಿ ನೋಡುವುದರಿಂದ ನಿರ್ಧಾರವಾಗುತ್ತದೆ.

## ಮಾಪನ ಮತ್ತು ಮಿತಿಗಳು

ಫಲಕಗಳ ಮೇಲೆ ಹಾಲಿನ ಪ್ರೋಟೀನ್ ಹಾಗೂ ಲವಣಗಳು ಪದರಗಟ್ಟಿದರೆ U ಕುಗ್ಗುತ್ತದೆ. ಮೇಲಿನ 16.3 ಚದರ ಮೀಟರಿನ ವಿನಿಮಯಕದಲ್ಲಿ U ಶೇ. 20ರಷ್ಟು ಇಳಿದರೆ ಎನ್‌ಟಿಯು 9ರಿಂದ 7.2ಕ್ಕೂ, ε ಮೌಲ್ಯವು 0.90ರಿಂದ 0.88ಕ್ಕೂ ಇಳಿಯುತ್ತದೆ. ಹಾಲು 65.2ರ ಬದಲು 63.7 °ಸೆ.ನಲ್ಲಿ ಹೊರಬರುತ್ತದೆ. ತಾಪಮಾನದಲ್ಲಿ ವ್ಯತ್ಯಾಸ ಕೇವಲ ಒಂದೂವರೆ ಡಿಗ್ರಿ; ಆದರೆ ಬಿಸಿನೀರಿನ ಹೊರೆ 37ರಿಂದ 45 ಕಿಲೋವ್ಯಾಟ್‌ಗೆ ಏರುತ್ತದೆ. ಆದ್ದರಿಂದ ಹೊರಬರುವ ತಾಪಮಾನದಿಂದ ε ಅನ್ನು, ಅದರಿಂದ NTU = ε/(1 − ε) ಎಂಬ ಸಂಬಂಧದ ಮೂಲಕ ಎನ್‌ಟಿಯುವನ್ನು ಲೆಕ್ಕಹಾಕಿದರೆ ಪದರದ ಪರಿಣಾಮವು ಹೆಚ್ಚು ಸ್ಪಷ್ಟವಾಗುತ್ತದೆ. ಹರಿವಿನ ದರವೂ ಬದಲಾಗಿದ್ದರೆ ಎನ್‌ಟಿಯು ಬೇರೆಯಾಗಿರುವುದರಿಂದ, ಹೋಲಿಕೆಯನ್ನು ಒಂದೇ ದರದಲ್ಲಿ ಮಾಡಬೇಕು. ಮಿತಿಯನ್ನು ತಲುಪಿದ ಸಮಾಂತರ ಹರಿವಿನಲ್ಲಿ ಈ ವಿಧಾನವು ನಡೆಯದು. ಅಲ್ಲಿ ಎನ್‌ಟಿಯು ಸ್ವಲ್ಪ ಇಳಿದರೂ ತಾಪಮಾನವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಈ ಸೂತ್ರಗಳು U ಮತ್ತು ವಿಶಿಷ್ಟೋಷ್ಣಗಳು ಎಲ್ಲೆಡೆ ಸ್ಥಿರವೆಂದೂ, ಹೊರಗೆ ಶಾಖ ಸೋರುವುದಿಲ್ಲವೆಂದೂ ಭಾವಿಸುತ್ತವೆ. ಫಲಕಗಳನ್ನು ಸಮಾನಾಂತರ ಮಾರ್ಗಗಳಾಗಿ ಸೇರಿಸಿದರೆ ಪ್ರತಿ ಮಾರ್ಗದಲ್ಲಿ ವೇಗ ತಗ್ಗಿ U ಸಹ ಕುಗ್ಗುತ್ತದೆ; ಆಗ ಎನ್‌ಟಿಯು ವಿಸ್ತೀರ್ಣದಷ್ಟು ಏರುವುದಿಲ್ಲ. ε ಮೌಲ್ಯವು 1ರ ಸಮೀಪವಿರುವಾಗ ಮಾರ್ಗಗಳ ನಡುವೆ ಹರಿವು ಅಸಮವಾಗಿ ಹಂಚಿಕೆಯಾಗುವುದು ಹಾಗೂ ಲೋಹದ ಉದ್ದಕ್ಕೂ ಶಾಖ ಹರಿಯುವುದು ಸಹ ಗಣನೀಯವಾಗುತ್ತವೆ.