ನಗದು ರಿಯಾಯಿತಿ

ನಗದು ರಿಯಾಯಿತಿ ಎಂದರೆ ಉದ್ದರಿ ಅವಧಿ ಮುಗಿಯುವ ಮೊದಲೇ ಹಣ ಪಾವತಿಸುವ ವ್ಯಾಪಾರಿಗೆ ಉತ್ಪಾದಕನು ಬಿಲ್ಲಿನ ಮೊತ್ತದಲ್ಲಿ ಬಿಟ್ಟುಕೊಡುವ ಪಾಲು. ಹೆಚ್ಚು ಸರಕು ಕೊಂಡವರಿಗೆ ಬೆಲೆಯಲ್ಲಿಯೇ ಕಡಿತ ಮಾಡುವ ವ್ಯಾಪಾರಿ ರಿಯಾಯಿತಿಗಿಂತ ಇದು ಭಿನ್ನವಾದುದು.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಂತಹ ಉದ್ಯಮದಲ್ಲಿ ನೂಲಿನ ಬೆಲೆ ಮತ್ತು ನೇಕಾರರ ಕೂಲಿ ಮೊದಲೇ ಖರ್ಚಾಗುತ್ತವೆ. ಸೀರೆಯ ಹಣ ತಡವಾಗಿ ಬರುತ್ತದೆ. ಈ ನಡುವಿನ ಅವಧಿಗೆ ಉತ್ಪಾದಕನು ಸಾಲ ಮಾಡಬೇಕು, ಇಲ್ಲವೇ ರಿಯಾಯಿತಿ ಕೊಟ್ಟು ಹಣವನ್ನು ಬೇಗ ತರಿಸಿಕೊಳ್ಳಬೇಕು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣದ ಗಡುವು, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರುವಂತಿಲ್ಲ.

ಲೆಕ್ಕಾಚಾರ

ಉದಾಹರಣೆಗೆ, ಸೀರೆ ಉತ್ಪಾದಕನೊಬ್ಬನ ಬಿಲ್ಲು ₹1,00,000. ಗಡುವು 45 ದಿನ. 10 ದಿನಗಳೊಳಗೆ ಪಾವತಿಸಿದರೆ ಶೇ. 2 ರಿಯಾಯಿತಿ ಎಂದಿರಲಿ. ಆಗ ₹98,000 ಹಣವು 35 ದಿನ ಮೊದಲೇ ಕೈಸೇರುತ್ತದೆ. ಅದಕ್ಕೆ ತೆರುವ ಬೆಲೆ ₹2,000. ವಾರ್ಷಿಕ ದರ ಹೀಗಿದೆ:

(2 ÷ 98) × (365 ÷ 35) × 100 = 21.3

ಅಷ್ಟೇ ಹಣವನ್ನು ಬ್ಯಾಂಕು ಶೇ. 12ರ ದರದಲ್ಲಿ ಕೊಟ್ಟರೆ ಬಡ್ಡಿ ಸುಮಾರು ₹1,128 ಮಾತ್ರ. ಆದ್ದರಿಂದ ಸಾಲವೇ ಅಗ್ಗ. ರಿಯಾಯಿತಿ ಕೊಡುವುದಾದರೆ ಅದು ಶೇ. 1.1ರ ಆಸುಪಾಸಿನಲ್ಲಿರಬೇಕು. ಬ್ಯಾಂಕ್ ಸಾಲದ ಮಿತಿ ಮುಗಿದು, ತಿಂಗಳಿಗೆ ಶೇ. 2ರಂತೆ ಕೈಸಾಲ ಪಡೆಯಬೇಕಾದಾಗ ಬಡ್ಡಿ ಸುಮಾರು ₹2,255 ಆಗುತ್ತದೆ. ಆಗ ರಿಯಾಯಿತಿಯೇ ಲಾಭಕರ.

ಮಿತಿಗಳು

ಕೆಲವು ವ್ಯಾಪಾರಿಗಳು 30ನೆಯ ದಿನ ಪಾವತಿಸಿಯೂ ಶೇ. 2 ಕಡಿತ ಮಾಡಿಕೊಳ್ಳುತ್ತಾರೆ. ಆಗ ಉಳಿಯುವುದು 15 ದಿನ ಮಾತ್ರ. ವಾರ್ಷಿಕ ದರ ಶೇ. 50ರ ಸಮೀಪಕ್ಕೆ ಏರುತ್ತದೆ. ಹಣ ಜಮೆಯಾದ ದಿನಾಂಕವನ್ನು ಬಿಲ್ಲಿನ ದಿನಾಂಕದೊಡನೆ ಹೋಲಿಸಿದರೆ ಇದು ತಿಳಿಯುತ್ತದೆ.